ಅರ್ಧ ರೆಸಲ್ಯೂಶನ್ ಪರೀಕ್ಷೆ ಎಲ್ಲಿಯವರೆಗೆ ನಿಜ ಹೇಳುತ್ತದೆ?

(ಗ್ರಾಫಿಕ್ಸ್ ಪ್ರೋಗ್ರಾಮರ್‌ಗಳ ಮುಂದೆ ಮಾಡಿದ ಉಪನ್ಯಾಸ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ.)

ಇವತ್ತು ನಾನು ಒಂದೇ ಒಂದು ಫ್ರೇಮ್ ಹಿಡಿದುಕೊಂಡು ಮಾತಾಡುತ್ತೇನೆ. ತೆರೆದ ಬಯಲು, ಕಲ್ಲುಬಂಡೆಗಳು, ಮರಗಳು, ನಡುವೆ ದಟ್ಟವಾಗಿ ಎದ್ದ ಹೊಗೆ. ರೆಸಲ್ಯೂಶನ್ 1920×1080. ಜಿಪಿಯು ಈ ಫ್ರೇಮಿಗೆ ತೆಗೆದುಕೊಳ್ಳುತ್ತಿದ್ದುದು 20.6 ಮಿಲಿಸೆಕೆಂಡ್. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ನಮ್ಮ ಕೈಯಲ್ಲಿರುವುದು 16.67 ಮಿಲಿಸೆಕೆಂಡ್ ಮಾತ್ರ, ಅಂದರೆ ಹತ್ತಿರಹತ್ತಿರ ನಾಲ್ಕು ಮಿಲಿಸೆಕೆಂಡ್ ಹೆಚ್ಚಾಗಿದೆ. ಸಿಪಿಯು ತನ್ನ ಕೆಲಸವನ್ನು 7 ಮಿಲಿಸೆಕೆಂಡಿನಲ್ಲಿ ಮುಗಿಸಿ, ಉಳಿದ ಹೊತ್ತೆಲ್ಲ ಜಿಪಿಯು ಫೆನ್ಸ್ ಮೇಲೆ ಕಾಯುತ್ತ ಕೂತಿತ್ತು. ಹಾಗಾಗಿ ಕಟ್ಟಿಕೊಂಡಿರುವುದು ಜಿಪಿಯು ಕಡೆಗೇ ಎನ್ನುವುದರಲ್ಲಿ ಅನುಮಾನ ಇರಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ: ಜಿಪಿಯು ಒಳಗೆ ಎಲ್ಲಿ? ಪಿಕ್ಸೆಲ್‌ಗಳನ್ನು ಬರೆಯುವ ವೇಗದಲ್ಲೋ, ವರ್ಟೆಕ್ಸ್‌ಗಳ ಹೊರೆಯಲ್ಲೋ, ಮೆಮೊರಿ ಬ್ಯಾಂಡ್‌ವಿಡ್ತ್‌ನಲ್ಲೋ?

ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಪರೀಕ್ಷೆ ರೆಸಲ್ಯೂಶನ್ ಇಳಿಸುವುದು. ಅಗಲ ಅರ್ಧ, ಎತ್ತರ ಅರ್ಧ, ಪಿಕ್ಸೆಲ್ ಕಾಲು ಭಾಗ. ಹೊತ್ತು ಇಳಿದರೆ ಪಿಕ್ಸೆಲ್ ಕಡೆ, ಇಳಿಯದಿದ್ದರೆ ವರ್ಟೆಕ್ಸ್ ಕಡೆ. ಇದು ಒಳ್ಳೆಯ ಪರೀಕ್ಷೆಯೇ. ನಾನೂ ಅಲ್ಲಿಂದಲೇ ಶುರು ಮಾಡುವುದು. ಆದರೆ ಫಿಲ್ ರೇಟ್ ಮತ್ತು ಬ್ಯಾಂಡ್‌ವಿಡ್ತ್ ವಿಷಯದಲ್ಲಿ ಅದರ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಪಿಕ್ಸೆಲ್ ಕಡಿಮೆಯಾದರೆ ಬರೆಯುವ ಕೆಲಸವೂ ಕಡಿಮೆ, ಮೆಮೊರಿಗೆ ಹೋಗಿಬರುವ ಬೈಟ್‌ಗಳೂ ಕಡಿಮೆ. ಎರಡರಲ್ಲಿ ಯಾವುದು ಬಿಗಿಯಾಗಿತ್ತು ಎಂದು ಆ ಒಂದು ಪರೀಕ್ಷೆಯಿಂದ ತಿಳಿಯುವುದಿಲ್ಲ. ಇವೆರಡನ್ನು ಹೇಗೆ ಬಿಡಿಸಿ ನೋಡುವುದು ಎನ್ನುವುದೇ ಇವತ್ತಿನ ವಿಷಯ.

ಪರೀಕ್ಷೆಗೆ ಇಳಿಯುವ ಮುಂಚೆ ನಾನೇ ಎಡವಿದ ಒಂದು ಜಾಗ ಹೇಳಿಬಿಡುತ್ತೇನೆ. ಹಿಂದೊಮ್ಮೆ ಒಂದು ಲ್ಯಾಪ್‌ಟಾಪಿನಲ್ಲಿ ರೆಸಲ್ಯೂಶನ್ ಅರ್ಧ ಮಾಡಿದೆ, ಫ್ರೇಮಿನ ಹೊತ್ತು ಅಷ್ಟೇನೂ ಇಳಿಯಲಿಲ್ಲ. ವರ್ಟೆಕ್ಸ್ ಹೊರೆ ಎಂದು ತೀರ್ಮಾನಿಸಿ ಎರಡು ದಿನ ಮೆಶ್‌ಗಳನ್ನು ಸಣ್ಣದು ಮಾಡುತ್ತ ಕೂತೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಕ್ಲಾಕ್ ನೋಡಿದರೆ, ಕೆಲಸ ಹಗುರವಾದ ಕೂಡಲೇ ಜಿಪಿಯು ತನ್ನ ವೇಗವನ್ನು ತಾನೇ ಇಳಿಸಿಕೊಂಡಿತ್ತು. ಕೆಲಸ ಕಾಲು ಭಾಗಕ್ಕೆ ಇಳಿದಿತ್ತು, ವೇಗವೂ ಜೊತೆಗೆ ಇಳಿದಿದ್ದರಿಂದ ಹೊತ್ತು ಮಾತ್ರ ಹಾಗೇ ಕಾಣುತ್ತಿತ್ತು. ಅಂದಿನಿಂದ ಕ್ಲಾಕ್ ಕಟ್ಟಿಹಾಕದೆ ನಾನು ಒಂದು ಅಂಕಿಯನ್ನೂ ಬರೆದುಕೊಳ್ಳುವುದಿಲ್ಲ. ಎನ್ವಿಡಿಯಾ ಕಾರ್ಡ್ ಇದ್ದರೆ, ಅದು ಈ ಸೌಲಭ್ಯ ಕೊಡುತ್ತಿದ್ದರೆ, ಅಡ್ಮಿನ್ ಹಕ್ಕಿನಲ್ಲಿ ಹೀಗೆ ಮಾಡಬಹುದು:

```
nvidia-smi -lgc 1500,1500
nvidia-smi -rgc
```

ಮೊದಲನೆಯದು ಕೋರ್ ಕ್ಲಾಕನ್ನು 1500 ಮೆಗಾಹರ್ಟ್ಸ್‌ನಲ್ಲಿ ನಿಲ್ಲಿಸುತ್ತದೆ, ಎರಡನೆಯದು ಬಿಡಿಸುತ್ತದೆ. ಡೈರೆಕ್ಟ್3ಡಿ 12ರಲ್ಲಾದರೆ, ವಿಂಡೋಸ್‌ನ ಡೆವಲಪರ್ ಮೋಡ್ ಆನ್ ಮಾಡಿಕೊಂಡು `SetStablePowerState` ಕರೆಯಬಹುದು. ಜೊತೆಗೆ ವಿಸಿಂಕ್ ಆಫ್ ಇರಬೇಕು. ಇಲ್ಲದಿದ್ದರೆ ಪರದೆಗಾಗಿ ಕಾದ ಹೊತ್ತನ್ನೂ ಕೆಲಸದ ಹೊತ್ತೆಂದು ಎಣಿಸಿಬಿಡುತ್ತೇವೆ.

ಇನ್ನೊಂದು ಮಾತು. ಇಡೀ ಫ್ರೇಮಿಗೆ ಒಂದೇ ಕಡೆ ಕಟ್ಟಿಕೊಂಡಿರುತ್ತದೆ ಎಂದು ಅಂದುಕೊಳ್ಳಬೇಡಿ. ಫ್ರೇಮ್ ಅಂದರೆ ಒಂದರ ಹಿಂದೆ ಒಂದು ಬರುವ ಪಾಸ್‌ಗಳ ಸಾಲು, ಪ್ರತಿ ಪಾಸಿಗೂ ಅದರದೇ ಕಷ್ಟ. ಆದ್ದರಿಂದ ಪ್ರತಿ ಪಾಸಿನ ಆಚೆ ಈಚೆ ಟೈಮ್‌ಸ್ಟಾಂಪ್ ಇಡಬೇಕು. ವಲ್ಕನ್‌ನಲ್ಲಿ ಹೀಗೆ:

```
vkCmdWriteTimestamp(cmd, VK_PIPELINE_STAGE_BOTTOM_OF_PIPE_BIT, pool, 2*i);
// ಈ ಪಾಸಿನ ಡ್ರಾಗಳು
vkCmdWriteTimestamp(cmd, VK_PIPELINE_STAGE_BOTTOM_OF_PIPE_BIT, pool, 2*i+1);
```

ಎರಡರ ವ್ಯತ್ಯಾಸವನ್ನು `timestampPeriod`ನಿಂದ ಗುಣಿಸಿದರೆ ನ್ಯಾನೋಸೆಕೆಂಡ್ ಸಿಗುತ್ತದೆ. ಒಂದು ಪಾಸಿನ ಬಾಲ ಮುಗಿಯುವ ಮುಂಚೆಯೇ ಮುಂದಿನದರ ತಲೆ ಶುರುವಾಗಿರಬಹುದು, ಹಾಗಾಗಿ ಈ ಅಂಕಿಗಳು ಕೂದಲು ಸೀಳುವಷ್ಟು ನಿಖರವಲ್ಲ. ಅಸಿಂಕ್ ಕಂಪ್ಯೂಟ್ ಇದ್ದರೆ ಅಳೆಯುವಾಗ ಅದನ್ನು ನಿಲ್ಲಿಸಿ. ಒಂದೇ ಫ್ರೇಮ್ ನೋಡಿ ಬಿಡಬೇಡಿ, ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ ನೂರಾರು ಫ್ರೇಮ್‌ಗಳ ನಡುವಿನ ಮೌಲ್ಯ ತೆಗೆದುಕೊಳ್ಳಿ. ನಮ್ಮ ದೊಡ್ಡ ಪ್ರಶ್ನೆಗಳಿಗೆ ಅಷ್ಟು ಸಾಕು.

ನಮ್ಮ ಫ್ರೇಮಿನಲ್ಲಿ ಸಿಕ್ಕಿದ್ದು ಇದು. ನೆರಳಿನ ಪಾಸ್ 3.1 ಮಿಲಿಸೆಕೆಂಡ್, ಬಯಲು ಮತ್ತು ಬಂಡೆಗಳಂಥ ಅಪಾರದರ್ಶಕ ವಸ್ತುಗಳಿಗೆ 5.2, ಹೊಗೆಗೆ 8.6, ಪೋಸ್ಟ್ ಪ್ರೊಸೆಸಿಂಗ್‌ಗೆ 3.1, ಮೇಲಿನ ಮೆನು ಗುಂಡಿಗಳಿಗೆ 0.6. ಈಗ ರೆಸಲ್ಯೂಶನ್ ಅರ್ಧ ಮಾಡಿದೆ. ಹೊಗೆ 8.6ರಿಂದ 2.2ಕ್ಕೆ ಇಳಿಯಿತು, ಪೋಸ್ಟ್ 3.1ರಿಂದ 0.8ಕ್ಕೆ. ಎರಡೂ ಸರಿಸುಮಾರು ಕಾಲು ಭಾಗ. ನೆರಳು 3.1ರಲ್ಲೇ ನಿಂತಿತು. ಅಪಾರದರ್ಶಕ ಪಾಸ್ 5.2ರಿಂದ 3.7ಕ್ಕೆ ಮಾತ್ರ ಬಂತು. ಒಟ್ಟು ಫ್ರೇಮ್ 10.4. ಬರೀ ಈ ಮೊತ್ತ ನೋಡಿದವರು "ಅರ್ಧಕ್ಕರ್ಧ ಇಳಿಯಿತು, ಪಿಕ್ಸೆಲ್ ಹೊರೆ" ಎಂದು ಎದ್ದುಬಿಡುತ್ತಾರೆ. ಪಾಸ್‌ಗಳನ್ನು ನೋಡಿದರೆ ಒಂದೇ ಫ್ರೇಮಿನಲ್ಲಿ ಮೂರು ಬೇರೆ ಬೇರೆ ವರ್ತನೆ ಕಾಣುತ್ತದೆ.

ದೊಡ್ಡ ಹೊರೆ ಹೊಗೆಯದು, ಮೊದಲು ಅದನ್ನೇ ಬಿಡಿಸೋಣ. ರೆಂಡರ್‌ಡಾಕ್‌ನಲ್ಲಿ ಫ್ರೇಮ್ ಹಿಡಿದು `Quad Overdraw (Pass)` ಓವರ್‌ಲೇ ಹಾಕಿದೆ. ಹೊಗೆ ಪರದೆಯ ಸುಮಾರು 60% ಭಾಗವನ್ನು ಆವರಿಸಿತ್ತು, ಅಲ್ಲಿ ಒಂದರ ಮೇಲೊಂದು ಸರಾಸರಿ 45 ಪದರ. 1920×1080 ಅಂದರೆ 20.7 ಲಕ್ಷ ಪಿಕ್ಸೆಲ್. ಅದರ 60%ಕ್ಕೆ 45 ಪದರ ಎಂದರೆ ಸುಮಾರು 5.6 ಕೋಟಿ ಸಲ ಪಿಕ್ಸೆಲ್ ಬ್ಲೆಂಡ್ ಆಗುತ್ತಿದೆ.

ಈಗ ಈ ಒಂದೇ ಸಂಖ್ಯೆಯನ್ನು ಎರಡು ರೀತಿ ಲೆಕ್ಕ ಹಾಕಬಹುದು, ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದೇ. ಕಾರ್ಡಿನಲ್ಲಿ ಪಿಕ್ಸೆಲ್ ಬರೆಯುವ ಘಟಕಗಳು, ಅಂದರೆ ಆರ್‌ಒಪಿಗಳು 32. ಒಂದೊಂದೂ ಕ್ಲಾಕಿಗೆ ಒಂದು ಪಿಕ್ಸೆಲ್ ಬರೆದರೆ 1500 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 4800 ಕೋಟಿ ಪಿಕ್ಸೆಲ್. ನಮ್ಮ ಟಾರ್ಗೆಟ್ `R16G16B16A16_FLOAT`. ಪಿಕ್ಸೆಲ್ಲಿಗೆ 8 ಬೈಟ್ ಇರುವ ಈ ಫಾರ್ಮ್ಯಾಟ್‌ನಲ್ಲಿ ಬ್ಲೆಂಡ್ ಮಾಡುವಾಗ ಎಷ್ಟೋ ಜಿಪಿಯುಗಳ ವೇಗ ಅರ್ಧಕ್ಕೆ ಇಳಿಯುತ್ತದೆ. ಅದನ್ನೇ ಹಿಡಿದರೆ 2400 ಕೋಟಿ. 5.6 ಕೋಟಿಯನ್ನು ಅದರಿಂದ ಭಾಗಿಸಿದರೆ 2.3 ಮಿಲಿಸೆಕೆಂಡ್. ಇದು ಫಿಲ್ ರೇಟ್ ಲೆಕ್ಕ.

ಇನ್ನು ಬೈಟ್ ಲೆಕ್ಕ. ಬ್ಲೆಂಡ್ ಎಂದರೆ ಹಳೆಯ ಬಣ್ಣವನ್ನು ಓದಬೇಕು, ಹೊಸದನ್ನು ಬರೆಯಬೇಕು. ಓದಲು 8, ಬರೆಯಲು 8, ಒಟ್ಟು 16 ಬೈಟ್. 5.6 ಕೋಟಿ ಸಲಕ್ಕೆ ಸುಮಾರು 900 ಎಂಬಿ. ಮೆಮೊರಿ ಬಸ್ 128 ಬಿಟ್, ಒಂದೊಂದು ತಂತಿಗೆ ಸೆಕೆಂಡಿಗೆ 8 ಗಿಗಾಬಿಟ್. 128ನ್ನು 8ರಿಂದ ಭಾಗಿಸಿ 8ರಿಂದ ಗುಣಿಸಿದರೆ ಸೆಕೆಂಡಿಗೆ 128 ಜಿಬಿ. 900 ಎಂಬಿ ಸಾಗಲು 7 ಮಿಲಿಸೆಕೆಂಡ್ ಬೇಕು. ಮೆಮೊರಿ ಎಂದೂ ತನ್ನ ಪೂರ್ತಿ ವೇಗ ಕೊಡುವುದಿಲ್ಲ, ಹೊಗೆಯ ಟೆಕ್ಸ್ಚರ್ ಮತ್ತು ಡೆಪ್ತ್ ಓದುವುದೂ ಸೇರುತ್ತದೆ. ನಾವು ಅಳೆದ 8.6ಕ್ಕೆ ಇದು ತೀರ ಹತ್ತಿರ.

ನಡುವೆ ಕ್ಯಾಶ್ ಇದೆಯಲ್ಲ, ಅದು ಉಳಿಸುವುದಿಲ್ಲವೇ ಎಂದು ನಿಮಗೆ ಅನ್ನಿಸಬಹುದು. ಸಣ್ಣ ಸಣ್ಣ ಕಣಗಳಾಗಿದ್ದರೆ ಖಂಡಿತ ಉಳಿಸುತ್ತಿತ್ತು. ಇಲ್ಲಿ ಒಂದೊಂದು ಹೊಗೆಯ ಚೌಕವೂ ಪರದೆಯ ದೊಡ್ಡ ಭಾಗವನ್ನು ಮುಚ್ಚುತ್ತಿತ್ತು, ಅಂದರೆ ಒಂದು ಚೌಕಕ್ಕೇ ಹಲವು ಎಂಬಿ. ಈ ಕಾರ್ಡಿನ ಎಲ್2 ಕ್ಯಾಶ್ 1 ಎಂಬಿ. ಒಂದು ಪದರ ಮುಗಿದು ಎರಡನೆಯದು ಅದೇ ಪಿಕ್ಸೆಲ್ಲಿಗೆ ಬರುವ ಹೊತ್ತಿಗೆ ಹಳೆಯ ಬಣ್ಣ ಕ್ಯಾಶ್‌ನಿಂದ ಹೊರಬಿದ್ದಿರುತ್ತದೆ.

ಲೆಕ್ಕ ಬ್ಯಾಂಡ್‌ವಿಡ್ತ್ ಕಡೆ ಕೈ ತೋರಿಸುತ್ತಿದೆ. ಆದರೆ ಕಾಗದದ ಮೇಲಿನ ಲೆಕ್ಕ ಸಾಕ್ಷಿಯಲ್ಲ. ಪಿಕ್ಸೆಲ್ ಎಣಿಕೆಯನ್ನು ಮುಟ್ಟದೆ ಬೈಟ್‌ಗಳನ್ನು ಮಾತ್ರ ಬದಲಿಸುವ ಪರೀಕ್ಷೆ ಬೇಕು. ಟಾರ್ಗೆಟ್‌ನ ಫಾರ್ಮ್ಯಾಟನ್ನು `R11G11B10_FLOAT` ಮಾಡಿದೆ. ಇದರಲ್ಲಿ ಪಿಕ್ಸೆಲ್ಲಿಗೆ 4 ಬೈಟ್ ಅಷ್ಟೇ. ಆಲ್ಫಾ ಚಾನೆಲ್ ಇಲ್ಲ, ಆದರೆ ಹೊಗೆಯ ಬ್ಲೆಂಡಿಗೆ ಬೇಕಾದ ಆಲ್ಫಾ ಶೇಡರ್‌ನಿಂದ ಬರುತ್ತದೆ, ಟಾರ್ಗೆಟ್‌ನಲ್ಲಿ ಇರಬೇಕಾಗಿಲ್ಲ. 8.6 ಇದ್ದದ್ದು 4.8 ಆಯಿತು.

ಇಲ್ಲಿಗೇ ನಿಲ್ಲಿಸಬಾರದು. ಈಗ ತಾನೇ ಹೇಳಿದೆ, 8 ಬೈಟಿನ ಫಾರ್ಮ್ಯಾಟ್‌ನಲ್ಲಿ ಆರ್‌ಒಪಿ ವೇಗವೇ ಅರ್ಧವಾಗಬಹುದು ಎಂದು. ಹಾಗಿದ್ದರೆ ಫಾರ್ಮ್ಯಾಟ್ ಬದಲಿಸಿದಾಗ ಬೈಟ್ ಕಡಿಮೆಯಾದದ್ದಷ್ಟೇ ಅಲ್ಲ, ಬ್ಲೆಂಡ್ ವೇಗವೂ ಎರಡರಷ್ಟು ಆಗಿರಬಹುದು. ಒಂದನ್ನು ಬದಲಿಸುತ್ತೇನೆಂದು ಹೊರಟು ಎರಡನ್ನು ಬದಲಿಸಿದ ಹಾಗಾಯಿತು. ಎಷ್ಟೋ ಜನ ತಪ್ಪಿ ಬೀಳುವುದು ಇಲ್ಲೇ.

ಇವೆರಡನ್ನು ಬೇರ್ಪಡಿಸುವುದು ಕ್ಲಾಕ್ ಪರೀಕ್ಷೆ. ಆರ್‌ಒಪಿಗಳು, ಶೇಡರ್ ಘಟಕಗಳು, ತ್ರಿಕೋನ ಜೋಡಿಸುವ ಘಟಕ, ಇವೆಲ್ಲ ಕೋರ್ ಕ್ಲಾಕಿನ ತಾಳಕ್ಕೆ ಕುಣಿಯುತ್ತವೆ. ಹೊರಗಿನ ಮೆಮೊರಿ ತನ್ನದೇ ಕ್ಲಾಕಿನಲ್ಲಿ ನಡೆಯುತ್ತದೆ. ಹಳೆಯ ಫಾರ್ಮ್ಯಾಟ್‌ಗೆ ಹಿಂತಿರುಗಿ, ಕೋರ್ ಕ್ಲಾಕನ್ನು 1500ರಿಂದ 1200ಕ್ಕೆ ಇಳಿಸಿದೆ. ಕೋರ್ ಒಳಗಿನ ಯಾವುದೇ ಘಟಕ ಬಿಗಿಯಾಗಿದ್ದರೆ ಹೊತ್ತು 1.25 ಪಟ್ಟು ಆಗಬೇಕು, ಅಂದರೆ 10.7ರ ಆಸುಪಾಸು. ಬಂದದ್ದು 8.9. ಕೋರನ್ನು ಅಷ್ಟು ನಿಧಾನ ಮಾಡಿದರೂ ಹೊಗೆಗೆ ಬಹುತೇಕ ಬಿಸಿಯೇ ತಟ್ಟಲಿಲ್ಲ. ಆಗ ನಾನು ಬ್ಯಾಂಡ್‌ವಿಡ್ತ್ ಎಂದು ಬರೆದುಕೊಂಡೆ.

ಬ್ಯಾಂಡ್‌ವಿಡ್ತ್ ಸರಿ, ಆದರೆ ಯಾರ ಬೈಟ್‌ಗಳು? ಟೆಕ್ಸ್ಚರ್‌ಗಳದ್ದೂ ಇರಬಹುದಲ್ಲ. ಹೊಗೆಯ ಟೆಕ್ಸ್ಚರ್ ತೆಗೆದು 1×1 ಬಿಳಿ ಟೆಕ್ಸ್ಚರ್ ಹಾಕಿದೆ, 8.6 ಹೋಗಿ 8.2 ಆಯಿತು. ಶೇಡರನ್ನೇ ತೆಗೆದು ಒಂದು ಸ್ಥಿರ ಬಣ್ಣ ಕೊಡುವ ಶೇಡರ್ ಹಾಕಿದಾಗ 8.1. ಹಾಗಾಗಿ ದಾರಿ ತುಂಬಿಸಿದ್ದು ಟಾರ್ಗೆಟ್‌ಗೆ ಹೋಗಿಬರುವ ಬೈಟ್‌ಗಳೇ. ಈ ಪರೀಕ್ಷೆ ಮಾಡುವಾಗ ಶೇಡರ್‌ನಲ್ಲಿ `discard` ಇದೆಯೇ ಎಂದು ಮೊದಲು ನೋಡಿ. ಇದ್ದರೆ ಬಿಳಿ ಟೆಕ್ಸ್ಚರ್ ಹಾಕಿದ ಕೂಡಲೇ ಮೊದಲು ಬಿಟ್ಟುಹೋಗುತ್ತಿದ್ದ ಪಿಕ್ಸೆಲ್‌ಗಳೆಲ್ಲ ಬ್ಲೆಂಡಿಗೆ ಬಂದುಬಿಡುತ್ತವೆ. ಹೊತ್ತು ಇಳಿಯುವ ಬದಲು ಏರಿ ದಾರಿ ತಪ್ಪಿಸುತ್ತದೆ.

ಇಲ್ಲಿ ಸಭೆಯಿಂದ ಒಬ್ಬರು ಕೇಳಿದರು: "ಇಷ್ಟೆಲ್ಲ ಯಾಕೆ ಸರ್, ಪ್ರೊಫೈಲರ್‌ನಲ್ಲಿ ಕೌಂಟರ್ ನೋಡಿದರೆ ನೇರವಾಗಿ ಗೊತ್ತಾಗುವುದಿಲ್ಲವೇ?" ನ್ಯಾಯವಾದ ಪ್ರಶ್ನೆ. ಕೌಂಟರ್‌ಗಳನ್ನು ನಾನೂ ನೋಡುತ್ತೇನೆ. ಎನ್‌ಸೈಟ್ ಗ್ರಾಫಿಕ್ಸ್‌ನ ಜಿಪಿಯು ಟ್ರೇಸ್‌ನಲ್ಲಿ ಪ್ರತಿ ಘಟಕವೂ ತನ್ನ ಗರಿಷ್ಠ ಸಾಮರ್ಥ್ಯದ ಎಷ್ಟು ಶೇಕಡಾ ದುಡಿಯುತ್ತಿದೆ ಎಂದು ತೋರಿಸುತ್ತದೆ. ಒಂದು ಘಟಕ 80% ದಾಟಿದ್ದರೆ ಬಿಗಿ ಇರುವುದು ಅಲ್ಲೇ ಎಂದು ಹೇಳಬಹುದು. ಎಲ್ಲವೂ 60%ಕ್ಕಿಂತ ಕೆಳಗಿದ್ದರೆ ಯಾರೂ ಪೂರ್ತಿ ದುಡಿಯುತ್ತಿಲ್ಲ, ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತಿದ್ದಾರೆ ಎಂದರ್ಥ. ನಮ್ಮ ಹೊಗೆಯ ಪಾಸಿನಲ್ಲಿ ಮೆಮೊರಿ 88%, ಬಣ್ಣ ಬರೆಯುವ ಆರ್‌ಒಪಿ 30%ಕ್ಕಿಂತ ಸ್ವಲ್ಪ ಕಡಿಮೆ. 8.6 ಮಿಲಿಸೆಕೆಂಡಿನಲ್ಲಿ 2.3ರಷ್ಟು ಕೆಲಸ ಎಂದು ನಾವು ಹಾಕಿದ ಲೆಕ್ಕಕ್ಕೆ ಇದು ತಾಳೆಯಾಗುತ್ತದೆ.

ಆದರೆ ಮೆಮೊರಿ 88% ಎನ್ನುವ ಅಂಕಿ ಆ ಬೈಟ್‌ಗಳನ್ನು ಕಳಿಸುತ್ತಿರುವುದು ಯಾರು ಎಂದು ಹೇಳುವುದಿಲ್ಲ. ಟೆಕ್ಸ್ಚರೋ, ಟಾರ್ಗೆಟ್ಟೋ, ವರ್ಟೆಕ್ಸ್ ಬಫರೋ? ಅದನ್ನು ಹೇಳುವುದು ಒಂದೊಂದನ್ನೇ ತೆಗೆದು ನೋಡುವ ಪರೀಕ್ಷೆ. ನನ್ನ ರೂಢಿ ಎಂದರೆ ಮೊದಲು ಕಾಗದದ ಲೆಕ್ಕ, ಆಮೇಲೆ ಪರೀಕ್ಷೆ, ಕೊನೆಗೆ ಕೌಂಟರ್. ಮೂರೂ ಒಂದೇ ಮಾತು ಹೇಳಿದರೆ ಕೋಡ್ ಮುಟ್ಟುತ್ತೇನೆ. ಒಂದು ಬೇರೆ ಮಾತು ಹೇಳಿದರೂ ಎಲ್ಲೋ ಏನೋ ಅರ್ಥವಾಗಿಲ್ಲ ಎಂದು ಮತ್ತೆ ಮೊದಲಿಂದ ನೋಡುತ್ತೇನೆ.

ಈಗ ನೆರಳಿನ ಪಾಸ್. ರೆಸಲ್ಯೂಶನ್ ಇಳಿಸಿದರೂ ಅದು ಕದಲಲಿಲ್ಲ ಎಂದೆ. ಇದರಿಂದಲೇ ವರ್ಟೆಕ್ಸ್ ಹೊರೆ ಎಂದು ಹೇಳಿಬಿಡಲಾಗದು. ನೆರಳಿನ ನಕ್ಷೆಗೆ ಅದರದೇ ಅಳತೆ ಇದೆ, 2048×2048. ಪರದೆಯ ರೆಸಲ್ಯೂಶನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಪಿಕ್ಸೆಲ್ ಕೆಲಸವನ್ನು ಅಲ್ಲೇ ಇಳಿಸಬೇಕು. ಸಿಸರ್ ಆಯತವನ್ನು 1×1 ಮಾಡಿದೆ. ವರ್ಟೆಕ್ಸ್ ಶೇಡರ್ ಎಂದಿನಂತೆ ಓಡುತ್ತದೆ, ತ್ರಿಕೋನಗಳು ಜೋಡಣೆಯಾಗುತ್ತವೆ, ಪಿಕ್ಸೆಲ್‌ಗಳು ಮಾತ್ರ ಹುಟ್ಟುವುದಿಲ್ಲ. ನೆರಳು 3.1ರಿಂದ 2.8ಕ್ಕೆ ಬಂತು. ಅದೇ ಸಿಸರನ್ನು ಹೊಗೆಗೆ ಹಾಕಿದಾಗ 8.6 ಇದ್ದದ್ದು 0.2. ಎರಡು ಪಾಸ್‌ಗಳ ಸ್ವಭಾವದ ಅಂತರ ಇದರಲ್ಲೇ ಕಾಣುತ್ತದೆ.

ವರ್ಟೆಕ್ಸ್ ಕಡೆಯಲ್ಲೂ ಬ್ಯಾಂಡ್‌ವಿಡ್ತ್ ವೇಷ ಹಾಕಿಕೊಂಡು ಕೂತಿರಬಹುದು. ನೆರಳಿಗೆ ಬೇಕಾದದ್ದು ವರ್ಟೆಕ್ಸ್‌ನ ಸ್ಥಾನ ಮಾತ್ರ, 12 ಬೈಟ್. ಸ್ಥಾನ, ನಾರ್ಮಲ್, ಟ್ಯಾಂಜೆಂಟ್, ಯುವಿ ಎಲ್ಲವನ್ನೂ ಒಂದೇ ಬಫರ್‌ನಲ್ಲಿ ಹೆಣೆದಿಟ್ಟಿದ್ದರೆ ಒಂದು ವರ್ಟೆಕ್ಸ್‌ಗೆ 48 ಬೈಟ್. ಮೆಮೊರಿ ಕ್ಯಾಶ್ ಲೈನ್‌ಗಳ ಲೆಕ್ಕದಲ್ಲಿ ತರುವುದರಿಂದ ಬೇಡವಾದದ್ದೂ ಜೊತೆಗೆ ಬರುತ್ತದೆ. ಇಲ್ಲೂ ಕ್ಲಾಕ್ ಪರೀಕ್ಷೆಯೇ ದಾರಿ ತೋರಿಸಿತು. ಕೋರನ್ನು 1200ಕ್ಕೆ ಇಳಿಸಿದಾಗ ನೆರಳು 3.1ರಿಂದ 3.8ಕ್ಕೆ ಏರಿತು, ಹತ್ತಿರಹತ್ತಿರ ಪೂರ್ತಿ 1.25 ಪಟ್ಟು. ಹಾಗಾದರೆ ಇದು ಮೆಮೊರಿಯಲ್ಲ, ತ್ರಿಕೋನಗಳ ಎಣಿಕೆಯೇ. ನೋಡಿದರೆ ನಾಲ್ಕು ಕ್ಯಾಸ್ಕೇಡ್‌ಗಳಿಗೂ ಅದೇ ದಟ್ಟ ಮೆಶ್ ಹೋಗುತ್ತಿತ್ತು, ಒಟ್ಟು 48 ಲಕ್ಷ ತ್ರಿಕೋನ. ದೂರದ ಕ್ಯಾಸ್ಕೇಡಿನಲ್ಲಿ ಒಂದು ಬಂಡೆ ನಕ್ಷೆಯ ನಾಲ್ಕೈದು ಟೆಕ್ಸೆಲ್‌ಗಿಂತ ದೊಡ್ಡದಿರಲಿಲ್ಲ, ಅದರ ಹಿಂದೆ ಸಾವಿರಾರು ತ್ರಿಕೋನ. ದೂರದ ಎರಡು ಕ್ಯಾಸ್ಕೇಡ್‌ಗಳಿಗೆ ಸರಳ ಮೆಶ್ ಕೊಟ್ಟಾಗ 3.1 ಹೋಗಿ 1.7 ಆಯಿತು.

ಅಪಾರದರ್ಶಕ ಪಾಸ್ ಕಾಲು ಭಾಗಕ್ಕೆ ಇಳಿಯದೆ 3.7ರಲ್ಲಿ ನಿಂತದ್ದಕ್ಕೂ ಅವೇ ಸಣ್ಣ ತ್ರಿಕೋನಗಳು ಕಾರಣ. ಜಿಪಿಯು ಪಿಕ್ಸೆಲ್‌ಗಳನ್ನು ಒಂದೊಂದಾಗಿ ಶೇಡ್ ಮಾಡುವುದಿಲ್ಲ, 2×2ರ ಗುಂಪಾಗಿ ಮಾಡುತ್ತದೆ. ತ್ರಿಕೋನ ಒಂದೇ ಪಿಕ್ಸೆಲ್ ಮುಟ್ಟಿದರೂ ನಾಲ್ಕರ ಕೆಲಸ. ರೆಸಲ್ಯೂಶನ್ ಇಳಿಸಿದಾಗ ಪರದೆಯ ಮೇಲೆ ತ್ರಿಕೋನಗಳು ಇನ್ನೂ ಚಿಕ್ಕವಾಗುತ್ತವೆ, ದಂಡವಾಗುವ ಪಾಲು ಇನ್ನೂ ಹೆಚ್ಚುತ್ತದೆ. ಹಾಗಾಗಿ ಹೊತ್ತು ಅರ್ಧಂಬರ್ಧ ಇಳಿದರೆ "ಸ್ವಲ್ಪ ಪಿಕ್ಸೆಲ್, ಸ್ವಲ್ಪ ವರ್ಟೆಕ್ಸ್" ಎಂದು ಹಂಚಿಬಿಡಬೇಡಿ. ರೆಂಡರ್‌ಡಾಕ್‌ನ `Triangle Size (Pass)` ಓವರ್‌ಲೇ ಹಾಕಿ ನೋಡಿ. ನಮ್ಮಲ್ಲಿ ದೂರದ ಮರಗಳೆಲ್ಲ ಒಂದು ಪಿಕ್ಸೆಲ್ಲಿಗಿಂತ ಸಣ್ಣ ತ್ರಿಕೋನಗಳಿಂದ ತುಂಬಿದ್ದವು.

ಹೊಗೆಗೆ ಮಾಡಿದ್ದೇನು? ಅದನ್ನು ಅರ್ಧ ಅಗಲ, ಅರ್ಧ ಎತ್ತರದ ಬೇರೆ ಟಾರ್ಗೆಟ್‌ನಲ್ಲಿ ಬರೆದು, ಕೊನೆಗೆ ಡೆಪ್ತ್ ನೋಡಿಕೊಂಡು ಪೂರ್ತಿ ಅಳತೆಗೆ ಹಿಗ್ಗಿಸಿ ಸೇರಿಸಿದೆವು. ಬರೆಯುವುದಕ್ಕೆ 2.2, ಸೇರಿಸುವುದಕ್ಕೆ 0.7, ಒಟ್ಟು 2.9. ಡೆಪ್ತ್ ನೋಡದೆ ಹಿಗ್ಗಿಸಿದರೆ ಬಂಡೆಗಳ ಅಂಚಿನಲ್ಲಿ ಹೊಗೆ ಸೋರಿದ ಹಾಗೆ ಬೆಳಕಿನ ಗೆರೆ ಕಾಣುತ್ತದೆ, ಮೊದಲ ಯತ್ನದಲ್ಲಿ ನಮಗೂ ಕಂಡಿತ್ತು. ನೆರಳಿನ ಉಳಿತಾಯವೂ ಸೇರಿ ಫ್ರೇಮ್ 13.5 ಮಿಲಿಸೆಕೆಂಡಿಗೆ ಬಂತು. ಶೇಡರ್‌ನ ಗಣಿತವನ್ನು ಹಗುರ ಮಾಡುತ್ತ ಕೂತಿದ್ದರೆ ಹೊಗೆಯಲ್ಲಿ ಸಿಗುತ್ತಿದ್ದುದು ಹೆಚ್ಚೆಂದರೆ ಆ 0.5.

ಕೊನೆಯದಾಗಿ, ಇದೇ ದೃಶ್ಯವನ್ನು ಫೋನಿಗೆ ಒಯ್ದರೆ ಇದೇ ಉತ್ತರ ಸಿಗುತ್ತದೆ ಎಂದುಕೊಳ್ಳಬೇಡಿ. ಫೋನಿನ ಹೆಚ್ಚಿನ ಜಿಪಿಯುಗಳು ಪರದೆಯನ್ನು ಸಣ್ಣ ಟೈಲ್‌ಗಳಾಗಿ ಕತ್ತರಿಸಿ, ಒಂದೊಂದು ಟೈಲನ್ನು ಚಿಪ್ಪಿನ ಒಳಗಿನ ಮೆಮೊರಿಯಲ್ಲೇ ಮುಗಿಸುತ್ತವೆ. 45 ಪದರಗಳ ಬ್ಲೆಂಡ್ ಅಲ್ಲೇ ಒಳಗೆ ನಡೆದು, ಹೊರಗಿನ ಮೆಮೊರಿಗೆ ಹೋಗುವುದು ಕೊನೆಯ ಬಣ್ಣ ಒಂದೇ ಸಲ. ಅಲ್ಲಿ ಇದೇ ಹೊಗೆ ಫಿಲ್ ರೇಟ್ ಇಲ್ಲವೇ ಶೇಡಿಂಗ್‌ನ ತೊಂದರೆಯಾಗಿ ಕಾಣಬಹುದು. ಬದಲಿಗೆ ಅಲ್ಲಿ ವರ್ಟೆಕ್ಸ್‌ಗಳು ಬ್ಯಾಂಡ್‌ವಿಡ್ತ್ ತಿನ್ನುತ್ತವೆ, ಏಕೆಂದರೆ ಜೋಡಿಸಿದ ತ್ರಿಕೋನಗಳ ಪಟ್ಟಿಯನ್ನು ಟೈಲ್‌ಗಳಿಗೆ ಹಂಚುವ ಮೊದಲು ಮೆಮೊರಿಗೆ ಬರೆದು ಮತ್ತೆ ಓದಬೇಕು. ಪಾಸ್ ಶುರುವಾಗುವಾಗ ಹಳೆಯ ಚಿತ್ರ ಬೇಡದಿದ್ದರೂ `VK_ATTACHMENT_LOAD_OP_LOAD` ಇಟ್ಟರೆ ಅದನ್ನೂ ಸುಮ್ಮನೆ ಓದಿಸಿದ ಹಾಗೆ. 8 ಬೈಟಿನ ಟಾರ್ಗೆಟ್ ಆದರೆ ಫ್ರೇಮಿಗೆ 16.6 ಎಂಬಿ. ಹೊಗೆಯನ್ನು ಬೇರೆ ಟಾರ್ಗೆಟ್‌ಗೆ ಒಯ್ಯುವ ನಮ್ಮ ಉಪಾಯ ಅಲ್ಲಿ ಇಂಥ ಓದು ಬರಹವನ್ನು ಇನ್ನೊಂದು ಸಲ ಸೇರಿಸುತ್ತದೆ. ಅದರಿಂದ ಲಾಭವೋ ನಷ್ಟವೋ ಎನ್ನುವುದನ್ನು ಆ ಫೋನಿನ ಮೇಲೇ ಅಳೆದು ನೋಡಬೇಕು.